ಸ್ಟೆಂಟ್ ಹಾಕಿಸಿಕೊಂಡವರು ಕೇದಾರಕ್ಕೆ ಹೊರಟಾಗ

ವೈಶಾಖದಲ್ಲಿ ಕೇದಾರನಾಥದ ಬಾಗಿಲು ತೆರೆಯುವ ಸುದ್ದಿ ಬರುತ್ತಿದ್ದಂತೆ ಹೃದ್ರೋಗ ತಜ್ಞರ ಮುಂದೆ ಒಂದು ಪ್ರಶ್ನೆ ಬಂದು ಕೂರುತ್ತದೆ. ‘ಡಾಕ್ಟ್ರೇ, ನಾನು ವಿಮಾನ ಹತ್ತಬಹುದಾ?’ ಹೃದಯಾಘಾತ ಆದವರಿಗೆ ವಿಮಾನವೆಂದರೆ ಭಯ. ಹೆಲಿಕಾಪ್ಟರಿನಲ್ಲಿ ಕೇದಾರಕ್ಕೆ ಹೋಗಿ ಒಂದು ರಾತ್ರಿ ಅಲ್ಲೇ ತಂಗುವುದರ ಬಗ್ಗೆ ಮಾತ್ರ ಯಾವ ಅಳುಕೂ ಇರುವುದಿಲ್ಲ. ನಿಜವಾಗಿ ಅಂಜಬೇಕಾದದ್ದು ಆ ರಾತ್ರಿಗೆ.

ವಿಮಾನದ ವಿಷಯ ಮೊದಲು ಮುಗಿಸಿಬಿಡೋಣ. ವಿಮಾನ ಎಷ್ಟೇ ಮೇಲೆ ಹಾರಲಿ, ಒಳಗಿನ ಗಾಳಿಯ ಒತ್ತಡವನ್ನು ಹೆಚ್ಚೆಂದರೆ 8,000 ಅಡಿ ಎತ್ತರದಲ್ಲಿರುವಷ್ಟಕ್ಕೆ ಹಿಡಿದಿಟ್ಟಿರುತ್ತಾರೆ. ಅಂದರೆ ಊಟಿಗಿಂತ ಚೂರು ಹೆಚ್ಚು. ಅಲ್ಲಿ ನೀವು ಕುಳಿತೇ ಇರುತ್ತೀರಿ, ಹೃದಯಕ್ಕೆ ದುಡಿಮೆ ಕಡಿಮೆ. ಬ್ರಿಟನ್ನಿನ ಹೃದ್ರೋಗ ತಜ್ಞರ ಸಂಘ 2010ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, 65 ದಾಟಿರದ, ಮೊದಲ ಬಾರಿಗೆ ಆಘಾತವಾಗಿ ಸ್ಟೆಂಟ್ ಸರಿಯಾಗಿ ಕೂತು, ಹೃದಯದ ಪಂಪಿಂಗ್ ಶಕ್ತಿ ಚೆನ್ನಾಗಿರುವವರು ಮೂರು ದಿನದ ನಂತರವೇ ಹಾರಬಹುದು. ಪಂಪಿಂಗ್ ಸ್ವಲ್ಪ ಕುಗ್ಗಿದ್ದರೂ ಏದುಸಿರು, ಕಾಲೂತ ಇಲ್ಲದವರಿಗೆ ಹತ್ತು ದಿನ ಸಾಕು. ಎಕೋ ವರದಿಯಲ್ಲಿ ‘ಇ.ಎಫ್.’ ಎಂದು ಬರೆದಿರುವ ಅಂಕಿ 40ಕ್ಕಿಂತ ಕೆಳಗಿದ್ದು, ಜೊತೆಗೆ ಏದುಸಿರೂ ಇದ್ದವರು ಮಾತ್ರ ಸ್ಥಿತಿ ಹತೋಟಿಗೆ ಬರುವವರೆಗೆ ಕಾಯಬೇಕು. ಹಾರಾಟಕ್ಕಿಂತ ಹೆಚ್ಚು ಸುಸ್ತು ಮಾಡಿಸುವುದು ವಿಮಾನ ನಿಲ್ದಾಣದ ಉದ್ದನೆಯ ನಡಿಗೆ. ಸಂಕೋಚಪಡದೆ ಗಾಲಿಕುರ್ಚಿ ಕೇಳಿ. ಮಾತ್ರೆಗಳು ಕೈಚೀಲದಲ್ಲೇ ಇರಲಿ.

ಬೆಟ್ಟದ ಲೆಕ್ಕ ಬೇರೆ. ಕೇದಾರನಾಥ ಇರುವುದು ಸುಮಾರು 3,580 ಮೀಟರ್ ಎತ್ತರದಲ್ಲಿ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಮಂಗಳೂರಿನ ಕಡಲ ತೀರದಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟು ಮಾತ್ರ. ಕೊರತೆ ತುಂಬಿಸಲು ಹೃದಯ ವೇಗವಾಗಿ ಬಡಿಯುತ್ತದೆ, ಬಿಪಿ ಏರುತ್ತದೆ, ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗಿ ಹೃದಯದ ಬಲಭಾಗಕ್ಕೆ ಹೊರೆ ಬೀಳುತ್ತದೆ. ಚಳಿ ಇವೆಲ್ಲವನ್ನೂ ಇನ್ನಷ್ಟು ಹೆಚ್ಚಿಸುತ್ತದೆ. ದೇಹ ಹೊಂದಿಕೊಳ್ಳಲು ದಿನಗಳು ಬೇಕು. ಫಾಟಾದಿಂದ ಹೊರಟ ಹೆಲಿಕಾಪ್ಟರ್ ಕೊಡುವುದು ಕೆಲವೇ ನಿಮಿಷ. ಗೌರಿಕುಂಡದಿಂದ ನಡೆದು ಹೋಗುವವರಿಗೆ ಸಮಯ ಸಿಗುತ್ತದೆ ನಿಜ, ಆದರೆ ಒಂದೇ ದಿನದಲ್ಲಿ 1,600 ಮೀಟರ್ ಏರುವ ಶ್ರಮವನ್ನು ಹೃದಯ ಹೊರಬೇಕು. ಆಲ್ಪ್ಸ್ ಪರ್ವತದಲ್ಲಿ ಹಠಾತ್ ಹೃದಯಸ್ತಂಭನದಿಂದ ಸತ್ತವರ ಬಗ್ಗೆ ಆಸ್ಟ್ರಿಯಾದಲ್ಲಿ ನಡೆದ ಅಧ್ಯಯನಗಳು ಎರಡು ಸಂಗತಿಗಳನ್ನು ತೋರಿಸಿವೆ. ಹಿಂದೆ ಹೃದಯಾಘಾತವಾದವರಿಗೆ ಅಪಾಯ ಬಹಳ ಹೆಚ್ಚು, ಮತ್ತು ಆ ಅಪಾಯ ದಟ್ಟವಾಗಿರುವುದು ಮೊದಲ ದಿನವೇ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ದಾವಣಗೆರೆಯ ಒಬ್ಬ ನಿವೃತ್ತ ಮೇಷ್ಟ್ರು, ವಯಸ್ಸು 62. ಐದು ತಿಂಗಳ ಹಿಂದೆ ಹೃದಯಾಘಾತ, ಒಂದು ಸ್ಟೆಂಟ್. ಇ.ಎಫ್. 40. ಸಮತಟ್ಟಿನಲ್ಲಿ ಅರ್ಧ ಗಂಟೆ ಆರಾಮವಾಗಿ ನಡೆಯುತ್ತಾರೆ, ಎರಡನೇ ಮಹಡಿ ಹತ್ತುವಾಗ ನಿಂತು ಸುಧಾರಿಸಿಕೊಳ್ಳುತ್ತಾರೆ. ದಿನಕ್ಕೊಂದು ನೀರಿನ ಮಾತ್ರೆ ಇದೆ. ಮೇ ತಿಂಗಳಿಗೆ ಮಗಳು ಪ್ಯಾಕೇಜ್ ಬುಕ್ ಮಾಡಿದ್ದಾಳೆ. ಮೊದಲ ದಿನ ಡೆಹ್ರಾಡೂನಿಗೆ ವಿಮಾನ, ಎರಡನೇ ದಿನ ಗುಪ್ತಕಾಶಿ, ಮೂರನೇ ದಿನ ಹೆಲಿಕಾಪ್ಟರಿನಲ್ಲಿ ಕೇದಾರ, ಅಲ್ಲೇ ವಸತಿ.

ಇವರ ವಿಮಾನಯಾನಕ್ಕೆ ಅಡ್ಡಿಯಿಲ್ಲ. ಮೇ ತಿಂಗಳ ಕೇದಾರ ಬೇಡ. ಹೃದಯಾಘಾತವಾಗಿ ಕನಿಷ್ಠ ಆರು ತಿಂಗಳು ಕಳೆಯುವವರೆಗೆ ಇಂಥ ಎತ್ತರಕ್ಕೆ ಹೋಗಬಾರದೆಂದು ಅನೇಕ ತಜ್ಞರು ಹೇಳುತ್ತಾರೆ. ಎರಡು ಮಹಡಿಗೇ ಸೋಲುವ ಹೃದಯದ ಬಳಿ ಕೇದಾರಕ್ಕೆ ಬೇಕಾದ ಉಳಿತಾಯ ಇರುವುದಿಲ್ಲ. ಮಳೆಗಾಲ ಮುಗಿದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ದೀಪಾವಳಿಯ ಹೊತ್ತಿನವರೆಗೆ ಯಾತ್ರೆಗೆ ಇನ್ನೊಂದು ಒಳ್ಳೆಯ ಅವಧಿಯಿದೆ, ಜನಜಂಗುಳಿಯೂ ಕಡಿಮೆ. ಅಷ್ಟರೊಳಗೆ ಮತ್ತೊಮ್ಮೆ ಎಕೋ, ವೈದ್ಯರು ಒಪ್ಪಿದರೆ ಟ್ರೆಡ್‌ಮಿಲ್ ಪರೀಕ್ಷೆ. ಅದರಲ್ಲಿ ಎದೆನೋವು, ಇಸಿಜಿಯಲ್ಲಿ ಬದಲಾವಣೆ, ಬಡಿತದ ಏರುಪೇರು ಯಾವುದೂ ಕಾಣದೆ ಮಹಡಿಯೂ ಸಲೀಸಾದರೆ ಕೇದಾರದ ಮಾತನ್ನು ಎತ್ತಬಹುದು.

ಮಹಡಿ ಆಗಲೂ ಸಲೀಸಾಗದಿದ್ದರೆ? ಬದರಿಯ ಬಗ್ಗೆ ವೈದ್ಯರನ್ನು ಕೇಳುವುದು ಮೇಲು. ಅದೂ 3,100 ಮೀಟರ್ ಎತ್ತರವೇ, ಆದರೆ ದೇವಸ್ಥಾನದ ಹತ್ತಿರದವರೆಗೆ ವಾಹನ ಹೋಗುತ್ತದೆ. ಸುಮಾರು 1,900 ಮೀಟರ್ ಎತ್ತರದ ಜೋಶಿಮಠದಲ್ಲಿ ಎರಡು ರಾತ್ರಿ ಮಲಗಿ ಎದ್ದು, ಬೆಳಿಗ್ಗೆ ಹೋಗಿ ದರ್ಶನ ಮುಗಿಸಿ ಅಲ್ಲಿಗೇ ಮರಳಿದರೆ ರಾತ್ರಿಯ ನಿದ್ದೆ ತಗ್ಗಿನಲ್ಲೇ ಆಗುತ್ತದೆ. ಅಲ್ಲಿನ ತಪ್ತಕುಂಡದಲ್ಲಿ ಮೇಷ್ಟ್ರು ಮುಳುಗುವುದು ಬೇಡ. ಬಿಸಿನೀರಿಗೆ ರಕ್ತನಾಳಗಳು ಸಡಿಲಗೊಂಡು ಬಿಪಿ ಕುಸಿಯುತ್ತದೆ, ಹೊರಬಂದ ಕೂಡಲೇ ಚಳಿಗೆ ಮತ್ತೆ ಬಿಗಿಯುತ್ತವೆ. ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು.

ನಿದ್ದೆಯ ಜಾಗಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ನಿದ್ದೆಯಲ್ಲಿ ಉಸಿರಾಟ ಮಂದವಾಗಿ ರಕ್ತದ ಆಮ್ಲಜನಕ ಹಗಲಿಗಿಂತಲೂ ಇಳಿಯುತ್ತದೆ. ಎತ್ತರದ ಕಾಯಿಲೆಗಳು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ ಬೇಕು. ಮಧ್ಯಾಹ್ನ ಬಂದಿಳಿದವರಿಗೆ ಅದು ನಡುರಾತ್ರಿಯ ಹೊತ್ತು. ಆಗ ಹೆಲಿಕಾಪ್ಟರ್ ಹಾರುವುದಿಲ್ಲ.

ದಾರಿಯಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ನೀರಿನ ಮಾತ್ರೆಯಿಂದ. ಹತ್ತು ಗಂಟೆಯ ಬಸ್ ಪ್ರಯಾಣ, ಶೌಚಾಲಯ ಎಲ್ಲಿ ಸಿಗುತ್ತದೋ ಗೊತ್ತಿಲ್ಲ. ವಿಶೇಷವಾಗಿ ಹೆಂಗಸರು ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಮೇಲೆ ಉಪ್ಪಿನಕಾಯಿ, ಚಟ್ನಿಪುಡಿ, ಚಕ್ಕುಲಿ. ಎರಡು ಮೂರು ದಿನದಲ್ಲಿ ಮೈಯಲ್ಲಿ ನೀರು ನಿಂತು, ತಲುಪುವ ಹೊತ್ತಿಗೆ ಪಾದ ಊದಿರುತ್ತದೆ. ಮಾತ್ರೆಯನ್ನು ಬಿಡಬೇಡಿ, ಬಸ್ಸಿಳಿದ ಮೇಲೆ ತೆಗೆದುಕೊಳ್ಳಬಹುದೇ ಎಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿಕೊಳ್ಳಿ. ಸ್ಟೆಂಟ್ ಕಟ್ಟಿಕೊಳ್ಳದಂತೆ ಕಾಯುವ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮಾತ್ರೆಗಳನ್ನು ಉಪವಾಸದ ದಿನವೂ ತಪ್ಪಿಸಬಾರದು.

ಎತ್ತರಕ್ಕೆ ಒಳ್ಳೆಯದೆಂದು ಸಹಯಾತ್ರಿಕರು ಕೊಡುವ ಮಾತ್ರೆಗಳನ್ನು ನುಂಗಬೇಡಿ. ಡೈಮಾಕ್ಸ್ ಕೂಡ ನೀರು ಹೊರಹಾಕುವ ಮಾತ್ರೆ. ಈಗಿರುವುದರ ಜೊತೆ ಸೇರಿದರೆ ಪೊಟ್ಯಾಸಿಯಂ ಇಳಿದು ಬಡಿತ ತಪ್ಪಬಹುದು. ಸಿಲ್ಡೆನಾಫಿಲ್ ತೆಗೆದುಕೊಂಡವರು ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಟ್ಟುಕೊಂಡರೆ ಬಿಪಿ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯುತ್ತದೆ.

ಮೇಲೆ ಹೋದ ಮೇಲೆ ಎದೆ ಹಿಡಿದುಕೊಂಡರೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ನಡೆಯುತ್ತಲೇ ಇರಬೇಡಿ. ಕುಳಿತುಕೊಳ್ಳಿ. ವೈದ್ಯರು ಬರೆದುಕೊಟ್ಟಿದ್ದರೆ ಸಾರ್ಬಿಟ್ರೇಟ್ ನಾಲಿಗೆ ಕೆಳಗಿಡಿ. ಐದು ನಿಮಿಷದಲ್ಲಿ ನೋವು ತಗ್ಗದಿದ್ದರೆ ದಾರಿಯಲ್ಲಿರುವ ವೈದ್ಯಕೀಯ ಕೇಂದ್ರಕ್ಕೆ ಹೇಳಿಕಳಿಸಿ. ಕುಳಿತಲ್ಲೇ ಏದುಸಿರು, ಮಲಗಿದರೆ ಉಸಿರು ಕಟ್ಟುವುದು, ನೊರೆ ಕಫದ ಕೆಮ್ಮು ಕಂಡರೆ ಅದು ಹೃದಯದ ವೈಫಲ್ಯವೋ ಎತ್ತರದಿಂದ ಶ್ವಾಸಕೋಶದಲ್ಲಿ ತುಂಬಿದ ನೀರೋ ಎಂದು ಅಲ್ಲಿ ಹೇಳುವುದು ಕಷ್ಟ. ಎರಡಕ್ಕೂ ಮೊದಲ ಉಪಾಯ ಆಮ್ಲಜನಕ ಕೊಟ್ಟು ತಕ್ಷಣ ಕೆಳಗಿಳಿಸುವುದು. ಬೆಳಗಾಗಲಿ ಎಂದು ಕಾಯಬಾರದು.

ಅಪ್ಪ ಅಮ್ಮನಿಗಾಗಿ ಟಿಕೆಟ್ ಕಾಯ್ದಿರಿಸುವ ಮಕ್ಕಳಿಗೆ ಒಂದು ಮಾತು. ಹಣ ಕಟ್ಟುವ ಮೊದಲು ಪ್ಯಾಕೇಜಿನವರನ್ನು ‘ಯಾವ ಹೋಟೆಲ್’ ಎಂದು ಕೇಳುವ ಜೊತೆಗೆ, ಪ್ರತಿ ರಾತ್ರಿ ಮಲಗುವ ಊರು ಎಷ್ಟು ಎತ್ತರದಲ್ಲಿದೆ ಎಂದೂ ಕೇಳಿ. ಆ ಪಟ್ಟಿಯನ್ನು ಎಕೋ ವರದಿಯ ಜೊತೆ ನಿಮ್ಮ ವೈದ್ಯರ ಮುಂದೆ ಇಡಿ.