24 ಜಿಬಿಯಲ್ಲಿ ಎಷ್ಟು ಜನಕ್ಕೆ ಜಾಗ?

ಗ್ರಾಹಕರ ಪ್ರಶ್ನೆಗಳಿಗೆ ಉತ್ತರ ಬರೆದುಕೊಡುವ ಎಐ ಸೇವೆಯೊಂದನ್ನು ಸಣ್ಣ ಕಂಪನಿಯೊಂದು ಶುರು ಮಾಡಿದೆ ಎಂದಿಟ್ಟುಕೊಳ್ಳಿ. ಮೆಟಾ 2024ರಲ್ಲಿ ಬಿಟ್ಟ ಲಾಮಾ 3.1 ಸರಣಿಯ ಚಿಕ್ಕ ಮಾಡೆಲ್ ಇಳಿಸಿಕೊಂಡಿದ್ದಾರೆ. ಎನ್‌ವಿಡಿಯಾದ ಎಲ್4 ಜಿಪಿಯು ಇರುವ ಸರ್ವರ್ ಬಾಡಿಗೆಗೆ ಹಿಡಿದಿದ್ದಾರೆ. ಆ್ಯಪ್‌ನಿಂದ ಪ್ರಶ್ನೆ ಬಂದು ಉತ್ತರ ವಾಪಸ್ ಹೋಗಲು ಒಂದು ಎಪಿಐ ಕೂಡ ಸಿದ್ಧವಾಗಿದೆ. ಒಬ್ಬರೇ ಕೂತು ಪರೀಕ್ಷಿಸಿದಾಗ ಎಲ್ಲವೂ ಸರಾಗ. ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಬಂದರೆ ತಡೆಯುತ್ತದೆಯೇ? ಇದಕ್ಕೆ ಉತ್ತರ ಸಿಗುವುದು ಜಿಪಿಯುವಿನ ವೇಗದಲ್ಲಲ್ಲ, ಅದರ ಮೆಮೊರಿಯ ಲೆಕ್ಕದಲ್ಲಿ.

ಎಲ್4ನಲ್ಲಿರುವುದು 24 ಜಿಬಿ ಮೆಮೊರಿ. ಮಾಡೆಲ್‌ನಲ್ಲಿ ಸುಮಾರು 800 ಕೋಟಿ ಸಂಖ್ಯೆಗಳಿವೆ. ಒಂದೊಂದಕ್ಕೆ ಎರಡು ಬೈಟ್‌ನಂತೆ 16 ಜಿಬಿ ಅಲ್ಲಿಗೇ ಮುಗಿಯಿತು. ಪೂರ್ತಿ ಮೆಮೊರಿಯನ್ನು ಯಾರೂ ಬಳಸುವುದಿಲ್ಲ, ಹತ್ತರಲ್ಲಿ ಒಂದು ಭಾಗವನ್ನು ಕೈಬಿಟ್ಟಿರುತ್ತಾರೆ. ಲೆಕ್ಕಾಚಾರ ನಡೆಯುವಾಗ ಬೇಕಾಗುವ ತಾತ್ಕಾಲಿಕ ಜಾಗವನ್ನೂ ಕಳೆದರೆ ಕೊನೆಗೆ ಉಳಿಯುವುದು ಹೆಚ್ಚುಕಡಿಮೆ 4 ಜಿಬಿ. ಬಂದ ಗ್ರಾಹಕರೆಲ್ಲ ಹೊಂದಿಕೊಳ್ಳಬೇಕಾದದ್ದು ಈ ನಾಲ್ಕರಲ್ಲಿ.

ಗ್ರಾಹಕರಿಗೇಕೆ ಜಾಗ? ಮಾಡೆಲ್ ಪಠ್ಯವನ್ನು ಟೋಕನ್ ಎಂಬ ತುಂಡುಗಳಾಗಿ ಓದುತ್ತದೆ, ಒಂದೊಂದೇ ಟೋಕನ್ ಆಗಿ ಬರೆಯುತ್ತದೆ. ಹೊಸ ಟೋಕನ್ ಬರೆಯುವಾಗಲೆಲ್ಲ ಹಿಂದಿನದನ್ನೆಲ್ಲ ಗಮನಿಸಬೇಕು. ಪ್ರತಿಸಲ ಮೊದಲಿನಿಂದ ಲೆಕ್ಕ ಹಾಕುತ್ತ ಕೂರದೆ, ಒಮ್ಮೆ ಹಾಕಿದ ಲೆಕ್ಕವನ್ನು ಜಿಪಿಯು ಮೆಮೊರಿಯಲ್ಲೇ ಉಳಿಸಿಕೊಳ್ಳುತ್ತದೆ. ಇದಕ್ಕೆ ಕೆವಿ ಕ್ಯಾಶ್ ಎನ್ನುತ್ತಾರೆ. ಈ ಮಾಡೆಲ್‌ನಲ್ಲಿ ಒಂದು ಟೋಕನ್‌ಗೆ 128 ಕೆಬಿ ಬೇಕು. ಒಂದು ಪದಕ್ಕೂ ಸಾಲದ ತುಂಡಿಗೆ ಇಷ್ಟೊಂದೇ ಎನ್ನಿಸಬಹುದು. ಆದರೆ ಮಾಡೆಲ್‌ನ 32 ಪದರಗಳೂ ತಮ್ಮ ತಮ್ಮ ಲೆಕ್ಕವನ್ನು ಬೇರೆಬೇರೆಯಾಗಿ ಇಡುತ್ತವೆ. ಆ 4 ಜಿಬಿಯಲ್ಲಿ ಹಿಡಿಯುವುದು ಸುಮಾರು 32,000 ಟೋಕನ್ ಮಾತ್ರ.

ಇನ್ನು ವೇಗದ ಮಾತು. ಒಂದು ಟೋಕನ್ ಬರೆಯಬೇಕಾದರೂ ಆ 16 ಜಿಬಿಯನ್ನು ಮೆಮೊರಿಯಿಂದ ಒಮ್ಮೆ ಪೂರ್ತಿ ಓದಲೇಬೇಕು. ಎಲ್4 ಸೆಕೆಂಡಿಗೆ 300 ಜಿಬಿ ಓದಬಲ್ಲದು, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 18 ಟೋಕನ್. ಇಷ್ಟು ಓದುವ ಶ್ರಮ ಒಬ್ಬರಿಗಾದರೂ ಅಷ್ಟೇ, ಮೂವತ್ತು ಜನಕ್ಕಾದರೂ ಅಷ್ಟೇ. ಬಸ್ಸಿನಲ್ಲಿ ಒಬ್ಬರೇ ಕೂತರೂ ಮೂವತ್ತು ಜನ ಕೂತರೂ ಡೀಸೆಲ್ ಖರ್ಚು ಹೆಚ್ಚುಕಡಿಮೆ ಒಂದೇ ಅಲ್ಲವೇ, ಹಾಗೆ. ಆದ್ದರಿಂದಲೇ ಸರ್ವರ್ ಹಲವರ ಕೋರಿಕೆಗಳನ್ನು ಒಂದು ಬ್ಯಾಚ್ ಮಾಡಿ ಒಟ್ಟಿಗೆ ಸಾಗಿಸುತ್ತದೆ.

ಮೊದಮೊದಲು ಈ ಬ್ಯಾಚ್ ಮದುವೆ ದಿಬ್ಬಣದ ಬಸ್ಸಿನ ಹಾಗಿತ್ತು: ಎಲ್ಲರೂ ಹತ್ತಿದ ಮೇಲೆ ಹೊರಡುವುದು, ಕೊನೆಯವರ ಕೆಲಸ ಮುಗಿಯುವ ತನಕ ಹೊಸಬರಿಗೆ ಪ್ರವೇಶವಿಲ್ಲ. ಎರಡು ಸಾಲಿನ ಉತ್ತರ ಕೇಳಿದವರ ಸೀಟು, ಎರಡು ಪುಟ ಕೇಳಿದವರಿಗಾಗಿ ಖಾಲಿ ಓಡುತ್ತಿತ್ತು. ದಕ್ಷಿಣ ಕೊರಿಯಾದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಓರ್ಕಾ ಎಂಬ ವ್ಯವಸ್ಥೆ ಇದನ್ನು ಸಿಟಿ ಬಸ್ ಮಾಡಿತು. ಪ್ರತಿ ಟೋಕನ್ ಮುಗಿದಾಗಲೂ ಯಾರ ಉತ್ತರ ಪೂರ್ತಿಯಾಯಿತೋ ಅವರು ಇಳಿಯುತ್ತಾರೆ, ಕಾಯುತ್ತಿದ್ದವರು ಹತ್ತುತ್ತಾರೆ. ಇಂದು ಬಳಕೆಯಲ್ಲಿರುವ ಸರ್ವರ್ ತಂತ್ರಾಂಶಗಳೆಲ್ಲ ನಡೆಯುವುದು ಬಹುಮಟ್ಟಿಗೆ ಹೀಗೆಯೇ.

ಆದರೂ ಜಾಗದ ಪ್ರಶ್ನೆ ಉಳಿಯಿತು. ಯಾರ ಉತ್ತರ ಎಷ್ಟುದ್ದ ಬೆಳೆಯುತ್ತದೆಂದು ಮೊದಲೇ ತಿಳಿಯದು. ಹಾಗಾಗಿ ಹಳೆಯ ತಂತ್ರಾಂಶಗಳು ಪ್ರತಿಯೊಬ್ಬರಿಗೂ ಗರಿಷ್ಠ ಉದ್ದದಷ್ಟು ಜಾಗವನ್ನು ಮುಂಚೆಯೇ ಕಾದಿರಿಸುತ್ತಿದ್ದವು. ನಮ್ಮ ಕಂಪನಿ ಗರಿಷ್ಠ ಉದ್ದವನ್ನು 8,192 ಟೋಕನ್ ಎಂದು ಇಟ್ಟುಕೊಂಡರೆ ತಲೆಗೆ 1 ಜಿಬಿ ಹೋಗುತ್ತದೆ. ನಾಲ್ವರು ಬಂದರೆ ಮುಗಿಯಿತು. ಅವರು ಬಳಸುವುದು ಅದರ ಕಾಲುಭಾಗವಾದರೂ ಮಿಕ್ಕಿದ್ದು ಬೇರೆಯವರಿಗೆ ಸಿಗದು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಅಳೆದು ನೋಡಿದಾಗ, ಹಳೆಯ ವ್ಯವಸ್ಥೆಗಳಲ್ಲಿ ಕ್ಯಾಶ್‌ಗೆಂದು ಎತ್ತಿಟ್ಟ ಮೆಮೊರಿಯಲ್ಲಿ ನಿಜಕ್ಕೂ ಬಳಕೆಯಾಗುತ್ತಿದ್ದದ್ದು ಶೇ. 20ರಿಂದ 38ರಷ್ಟೇ ಎಂದು ಗೊತ್ತಾಯಿತು. ಅವರ ವಿಎಲ್‌ಎಲ್‌ಎಂ ಜಾಗವನ್ನು 16 ಟೋಕನ್‌ಗಳ ಚಿಕ್ಕ ತುಂಡುಗಳಾಗಿ ಹಂಚುತ್ತದೆ; ಉತ್ತರ ಬೆಳೆದಂತೆ ಒಂದೊಂದೇ ತುಂಡು ಕೊಡುತ್ತದೆ. ಆಪರೇಟಿಂಗ್ ಸಿಸ್ಟಮ್‌ಗಳು ಮೆಮೊರಿಯನ್ನು ಪುಟಗಳಾಗಿ ಹಂಚುವುದು ದಶಕಗಳ ಹಿಂದಿನ ಉಪಾಯ. ಅದನ್ನು ಇಲ್ಲಿಗೆ ತರಲು ಇಷ್ಟು ವರ್ಷ ಬೇಕಾಯಿತಲ್ಲ ಎಂಬುದೇ ಸೋಜಿಗ.

ಸರ್ವರ್ ಚಾಲೂ ಮಾಡುವುದಕ್ಕೆ ಒಂದೇ ಆಜ್ಞೆ:

```
vllm serve meta-llama/Llama-3.1-8B-Instruct \
  --max-model-len 8192 --gpu-memory-utilization 0.90
```

ಇಲ್ಲಿ 8192 ಎಂಬುದನ್ನು ಬರೆಯದೆ ಬಿಟ್ಟರೆ ಸರ್ವರ್ ಏಳುವುದೇ ಇಲ್ಲ. ಮಾಡೆಲ್‌ನ ಪೂರ್ಣ ಮಿತಿ 1,31,072 ಟೋಕನ್. ಅಷ್ಟುದ್ದದ ಒಂದೇ ಒಂದು ಕೋರಿಕೆಗೆ 16 ಜಿಬಿ ಬೇಕು, ಇರುವುದು ನಾಲ್ಕು. ತಂತ್ರಾಂಶ ಅದನ್ನೇ ಹೇಳಿ ನಿಲ್ಲುತ್ತದೆ.

ಈಗ ತಲೆ ಎಣಿಸೋಣ. ಕಂಪನಿಯ ನಿಯಮಗಳು, ಉತ್ತರಿಸುವ ಧಾಟಿ ಇತ್ಯಾದಿ ಸೂಚನೆ 1,200 ಟೋಕನ್. ಗ್ರಾಹಕರ ಪ್ರಶ್ನೆ ಮತ್ತು ಉತ್ತರ ಸೇರಿ 800. ಒಬ್ಬರಿಗೆ 2,000 ಎಂದರೆ 32,000ದಲ್ಲಿ 16 ಜನ. ನಾಲ್ಕರಿಂದ ಹದಿನಾರಕ್ಕೆ ಏರಿತು. ಆದರೆ ಆ 1,200 ಟೋಕನ್‌ಗಳ ಸೂಚನೆ ಎಲ್ಲರಿಗೂ ಒಂದೇ ಅಲ್ಲವೇ? ಅದರ ಲೆಕ್ಕವನ್ನು ಒಂದೇ ಪ್ರತಿಯಾಗಿ ಇಟ್ಟು ಎಲ್ಲರೂ ಹಂಚಿಕೊಂಡರೆ ತಲೆಗೆ 800 ಸಾಕು: 38 ಜನ. ಅದನ್ನು ಪ್ರತಿ ಗ್ರಾಹಕರಿಗೂ ಮತ್ತೆ ಓದುವ ಕೆಲಸ ತಪ್ಪುವುದರಿಂದ ಮೊದಲ ಪದವೂ ಬೇಗ ಮೂಡುತ್ತದೆ.

ಇದಕ್ಕೊಂದು ಷರತ್ತಿದೆ. ಪ್ರತಿ ಟೋಕನ್‌ನ ಲೆಕ್ಕ ಅದಕ್ಕಿಂತ ಹಿಂದಿನ ಎಲ್ಲವನ್ನೂ ಅವಲಂಬಿಸಿರುವುದರಿಂದ, ಪಠ್ಯ ಮೊದಲಿನಿಂದ ಎಲ್ಲಿಯವರೆಗೆ ಅಕ್ಷರಶಃ ಒಂದೇ ಇದೆಯೋ ಅಲ್ಲಿಯವರೆಗೆ ಮಾತ್ರ ಹಂಚಿಕೆ. ಸೂಚನೆಯ ಮೊದಲ ಸಾಲಿನಲ್ಲೇ ‘ಈಗಿನ ಸಮಯ 10:42’ ಎಂದು ಬರೆದಿದ್ದರೆ ಮುಂದಿನ ನಿಮಿಷಕ್ಕೆ ಎಲ್ಲ ವ್ಯರ್ಥ. ಅದೇ ಸಾಲನ್ನು ಸೂಚನೆಯ ಕೊನೆಗೆ ತಳ್ಳಿದರೆ ಸಾಕು, ಹಂಚಿಕೆ ಮತ್ತೆ ಕೆಲಸ ಮಾಡುತ್ತದೆ. ತಪ್ಪು ಇಷ್ಟು ಚಿಕ್ಕದಾದರೂ ಹುಡುಕುವುದು ಕಷ್ಟ, ಯಾಕೆಂದರೆ ಉತ್ತರಗಳಲ್ಲಿ ಯಾವ ದೋಷವೂ ಕಾಣುವುದಿಲ್ಲ. ಎಲ್ಲ ನಿಧಾನವಾಗಿರುತ್ತದೆ, ಅಷ್ಟೇ.

ಜಾಗ ತುಂಬಿದ ಮೇಲೂ ಉತ್ತರಗಳು ಬೆಳೆಯುತ್ತ ಹೋದರೆ? ವಿಎಲ್‌ಎಲ್‌ಎಂ ಸಾಮಾನ್ಯವಾಗಿ ಕೊನೆಗೆ ಬಂದವರ ಕ್ಯಾಶನ್ನು ತೆರವು ಮಾಡಿ ಅವರನ್ನು ಸಾಲಿಗೆ ಕಳಿಸುತ್ತದೆ, ಜಾಗ ಸಿಕ್ಕಾಗ ಅವರ ಲೆಕ್ಕವನ್ನು ಹೊಸದಾಗಿ ಹಾಕುತ್ತದೆ. ಗ್ರಾಹಕರಿಗೆ ಕಾಣುವುದು ಇಷ್ಟು: ಸಾಲಾಗಿ ಮೂಡುತ್ತಿದ್ದ ಉತ್ತರ ವಾಕ್ಯದ ನಡುವೆ ನಿಂತು, ಕೆಲವು ಸೆಕೆಂಡುಗಳ ನಂತರ ಮುಂದುವರಿಯುತ್ತದೆ. ಸರ್ವರ್ ನೋಡಿಕೊಳ್ಳುವವರು `vllm:num_preemptions_total` ಎಂಬ ಎಣಿಕೆ ಏರುತ್ತಿದೆಯೇ ನೋಡಬೇಕು. ಏರುತ್ತಿದ್ದರೆ ಒಟ್ಟಿಗೆ ಒಳಬಿಡುವವರ ಸಂಖ್ಯೆಯನ್ನು ಇಳಿಸುವುದು ಲೇಸು; ಅರ್ಧ ಉತ್ತರದಲ್ಲಿ ಎದ್ದು ನಿಲ್ಲುವುದಕ್ಕಿಂತ ಹೊರಗೆ ಸ್ವಲ್ಪ ಕಾಯುವುದು ಮೇಲು. ಮಾಡೆಲ್‌ನ ಸಂಖ್ಯೆಗಳನ್ನು ಎರಡು ಬೈಟ್ ಬದಲು ಒಂದರಲ್ಲೇ ಇಡುವ ದಾರಿಯೂ ಇದೆ. ಉತ್ತರದ ಗುಣಮಟ್ಟ ಅಲ್ಪಸ್ವಲ್ಪ ತಗ್ಗಬಹುದು, ಆದರೆ 8 ಜಿಬಿ ಬಿಡುವಾಗಿ 4 ಜಿಬಿಯ ಕ್ಯಾಶ್ 12 ಆಗುತ್ತದೆ. ಗುಣಮಟ್ಟವನ್ನು ನಮ್ಮದೇ ಪ್ರಶ್ನೆಗಳಿಂದ ಪರೀಕ್ಷಿಸಿಕೊಂಡು ಈ ದಾರಿ ಹಿಡಿಯುವುದು ಒಳ್ಳೆಯದು.

ಈ ಎಣಿಕೆಯೆಲ್ಲ ಇಂಗ್ಲಿಷಿನದು. ಕನ್ನಡಕ್ಕೆ ಬಂದರೆ ಲೆಕ್ಕ ತಲೆಕೆಳಗು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದಲ್ಲಿ ಒಂದೊಂದು ವರ್ಣಕ್ಕೂ, ಗುಣಿತದ ಚಿಹ್ನೆಗೂ ಮೂರು ಮೂರು ಬೈಟ್. ಹೆಚ್ಚಾಗಿ ಇಂಗ್ಲಿಷ್ ಪಠ್ಯದಿಂದ ರೂಪುಗೊಂಡ ಟೋಕನ್ ಪಟ್ಟಿಯಲ್ಲಿ ಕನ್ನಡ ಪದಗಳು ಇಡಿಯಾಗಿ ಇರುವುದೂ ಅಪರೂಪ, ಹಾಗಾಗಿ ಅವು ಚೂರುಚೂರಾಗುತ್ತವೆ. ಅದೇ ವಿಷಯಕ್ಕೆ ಮೂರು ಪಟ್ಟು ಟೋಕನ್ ಬೇಕಾಯಿತು ಎಂದು ಹಿಡಿಯಿರಿ: ಸೂಚನೆ 3,600, ಮಾತುಕತೆ 2,400, ಹಿಡಿಯುವವರು 11 ಜನ. ಬಾಡಿಗೆ ಮಾತ್ರ ಅಷ್ಟೇ. ಸೂಚನೆಯನ್ನು ಇಂಗ್ಲಿಷಿನಲ್ಲಿ ಬರೆದು ಉತ್ತರವನ್ನಷ್ಟೇ ಕನ್ನಡದಲ್ಲಿ ಕೇಳುವವರಿದ್ದಾರೆ. ಆದರೆ ಸೂಚನೆ ಹೇಗೂ ಹಂಚಿಕೆಯಾಗುವುದರಿಂದ ಅದರಲ್ಲಿ ಉಳಿಯುವುದು ಒಬ್ಬರ ಜಾಗ. ಉತ್ತರದ ಟೋಕನ್ ಇಳಿದರೇನೇ ಲಾಭ. ಬೆಂಗಳೂರಿನ ಸರ್ವಂ ಕಂಪನಿ 2024ರಲ್ಲಿ ಬಿಟ್ಟ ಸರ್ವಂ-1 ಮಾಡೆಲ್‌ಗೆ ಭಾರತೀಯ ಭಾಷೆಗಳಿಗೆಂದೇ ಬೇರೆ ಟೋಕನ್ ಪಟ್ಟಿ ಮಾಡಿಕೊಂಡದ್ದು ಈ ಕಾರಣಕ್ಕೇ. ಮಾಡೆಲ್ ಆರಿಸುವ ಮುನ್ನ ಗ್ರಾಹಕರು ಕೇಳುವಂಥ ನೂರು ಕನ್ನಡ ಪ್ರಶ್ನೆಗಳನ್ನು ಅದರ ಟೋಕನೈಸರ್‌ಗೆ ಕೊಟ್ಟು ಎಣಿಸಿ ನೋಡಬಹುದು. ಅದಕ್ಕೆ ಜಿಪಿಯು ಬೇಡ, ಮನೆಯ ಲ್ಯಾಪ್‌ಟಾಪ್ ಸಾಕು.