ಚರ್ಮದ ತಡೆಗೋಡೆ ಕ್ರೀಮ್

ಚರ್ಮದ ತಡೆಗೋಡೆ ಕ್ರೀಮ್ ಎಂಬುದು ಹೊರಚರ್ಮದ ಮೇಲ್ಪದರದಲ್ಲಿ ಸ್ವಾಭಾವಿಕವಾಗಿರುವ ಲಿಪಿಡ್‌ಗಳನ್ನು, ಅಂದರೆ ಸೆರಾಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳನ್ನು, ಹೊರಗಿನಿಂದ ಪೂರೈಸುವ ಉದ್ದೇಶದಿಂದ ತಯಾರಿಸಲಾದ ಮಾಯಿಶ್ಚರೈಸರ್ ಆಗಿದೆ. ಒಣಚರ್ಮ ಹಾಗೂ ಅಟೋಪಿಕ್ ಡರ್ಮಟೈಟಿಸ್ ಎಂಬ ಇಸುಬಿನ ಆರೈಕೆಯಲ್ಲಿ ಇದನ್ನು ಬಳಸುತ್ತಾರೆ. ಲೇಬಲ್ಲಿನ ಮೇಲೆ ಸೆರಾಮೈಡ್‌ನ ಹೆಸರಿದ್ದ ಮಾತ್ರಕ್ಕೆ ಕ್ರೀಮ್ ತಡೆಗೋಡೆಯನ್ನು ಸರಿಪಡಿಸುತ್ತದೆ ಎಂದು ಹೇಳಲಾಗದು. ಲಿಪಿಡ್‌ಗಳ ಅನುಪಾತ, ಅವುಗಳ ಪ್ರಮಾಣ ಮತ್ತು ಕ್ರೀಮಿನ ಉಳಿದ ಘಟಕಗಳು ಪರಿಣಾಮವನ್ನು ನಿರ್ಧರಿಸುತ್ತವೆ.

## ತಡೆಗೋಡೆಯ ರಚನೆ

ಹೊರಚರ್ಮದ ಅತ್ಯಂತ ಮೇಲಿನ ಪದರವನ್ನು ಸ್ಟ್ರಾಟಮ್ ಕಾರ್ನಿಯಮ್ ಎನ್ನುತ್ತಾರೆ. ಇದನ್ನು ಸಾಮಾನ್ಯವಾಗಿ ಇಟ್ಟಿಗೆ ಗೋಡೆಗೆ ಹೋಲಿಸಲಾಗುತ್ತದೆ. ಚಪ್ಪಟೆಯಾದ ನಿರ್ಜೀವ ಕೋಶಗಳು ಇಟ್ಟಿಗೆಗಳಾದರೆ, ಅವುಗಳ ನಡುವೆ ಹಾಳೆಗಳಂತೆ ಒಂದರ ಮೇಲೊಂದು ಜೋಡಿಸಲ್ಪಟ್ಟ ಲಿಪಿಡ್‌ಗಳು ಗಾರೆಯಾಗಿವೆ. ದೇಹದ ನೀರು ಆವಿಯಾಗಿ ಹೊರಹೋಗದಂತೆ ಮುಖ್ಯವಾಗಿ ತಡೆಯುವುದು ಈ ಗಾರೆಯೇ.

ಗಾರೆಯ ತೂಕದಲ್ಲಿ ಸುಮಾರು ಅರ್ಧ ಭಾಗ ಸೆರಾಮೈಡ್‌ಗಳು, ಕಾಲು ಭಾಗ ಕೊಲೆಸ್ಟರಾಲ್ ಮತ್ತು ಉಳಿದುದರಲ್ಲಿ ಹೆಚ್ಚಿನ ಪಾಲು ಕೊಬ್ಬಿನಾಮ್ಲಗಳು. ತೂಕದಲ್ಲಿ ಇಷ್ಟು ವ್ಯತ್ಯಾಸವಿದ್ದರೂ ಅಣುಗಳ ಸಂಖ್ಯೆಯಲ್ಲಿ ಮೂರೂ ಹೆಚ್ಚುಕಡಿಮೆ ಸಮವಾಗಿವೆ. ಸೆರಾಮೈಡ್ ಅಣುವು ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲದ ಅಣುಗಳಿಗಿಂತ ಭಾರವಾಗಿರುವುದೇ ಇದಕ್ಕೆ ಕಾರಣ. ಆದ್ದರಿಂದ ಕ್ರೀಮಿನ ಅನುಪಾತದ ಕುರಿತ ಯಾವುದೇ ಹೇಳಿಕೆಯನ್ನು ಓದುವಾಗ, ಅದು ತೂಕದ ಅನುಪಾತವೋ ಅಣುಗಳ ಅನುಪಾತವೋ ಎಂಬುದನ್ನು ಗಮನಿಸಬೇಕಾಗುತ್ತದೆ.

## ಮೂರು ಲಿಪಿಡ್‌ಗಳ ಅನುಪಾತ

ಅಮೆರಿಕದ ಚರ್ಮವಿಜ್ಞಾನಿ ಪೀಟರ್ ಇಲಿಯಾಸ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಈ ಕ್ರೀಮ್‌ಗಳಿಗೆ ಆಧಾರವಾಗಿವೆ. ಇಲಿಗಳ ಚರ್ಮದಿಂದ ಅಸಿಟೋನ್ ಬಳಸಿ ಲಿಪಿಡ್‌ಗಳನ್ನು ತೆಗೆದು, ಬಳಿಕ ಬೇರೆ ಬೇರೆ ಮಿಶ್ರಣಗಳನ್ನು ಲೇಪಿಸಿ, ತಡೆಗೋಡೆ ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆಂದು ಅಳೆಯಲಾಯಿತು. 1993ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೂರರಲ್ಲಿ ಒಂದನ್ನು ಅಥವಾ ಎರಡನ್ನು ಮಾತ್ರ ಲೇಪಿಸಿದಾಗ ಚೇತರಿಕೆ ವೇಗಗೊಳ್ಳುವ ಬದಲು ನಿಧಾನಗೊಂಡಿತು. ಮೂರನ್ನೂ ಸಮ ಅಣುಸಂಖ್ಯೆಯಲ್ಲಿ ಲೇಪಿಸಿದಾಗ ಚೇತರಿಕೆ ಎಂದಿನಂತೆ ನಡೆಯಿತು. 1996ರ ಅಧ್ಯಯನದಲ್ಲಿ, ಮೂರರಲ್ಲಿ ಒಂದರ ಪ್ರಮಾಣವನ್ನು ಮೂರು ಪಟ್ಟಿಗೆ ಏರಿಸಿದ ಮಿಶ್ರಣವು ಚೇತರಿಕೆಯನ್ನು ಎಂದಿಗಿಂತ ಚುರುಕುಗೊಳಿಸಿತು. ವಯಸ್ಸಾದ ಚರ್ಮಕ್ಕೆ ಕೊಲೆಸ್ಟರಾಲ್ ಹೆಚ್ಚಿರುವ ಮಿಶ್ರಣ ಅನುಕೂಲಕರವೆಂದು 1997ರಲ್ಲಿ ಕಂಡುಬಂದಿತು. ಅಟೋಪಿಕ್ ಡರ್ಮಟೈಟಿಸ್‌ನಲ್ಲಿ ಸೆರಾಮೈಡ್‌ಗಳ ಕೊರತೆ ಇರುವುದರಿಂದ, ಆ ರೋಗಿಗಳಿಗಾಗಿ ಸೆರಾಮೈಡ್ ಪ್ರಧಾನವಾದ ಮಿಶ್ರಣಗಳನ್ನು ರೂಪಿಸಲಾಗಿದೆ.

ಅಪೂರ್ಣ ಮಿಶ್ರಣವು ಹಾನಿ ಮಾಡುವುದಕ್ಕೆ ಕಾರಣ ಈ ಲಿಪಿಡ್‌ಗಳ ಸಂಚಾರದಲ್ಲಿದೆ. ಅವು ಮೇಲ್ಮೈಯಲ್ಲಿ ಉಳಿಯದೆ ಕೆಳಗಿನ ಜೀವಂತ ಕೋಶಗಳನ್ನು ಸೇರಿ, ಅಲ್ಲಿ ಕೋಶಗಳು ತಾವೇ ತಯಾರಿಸಿದ ಲಿಪಿಡ್‌ಗಳೊಂದಿಗೆ ಬೆರೆತು, ಸೂಕ್ಷ್ಮ ಕಣಗಳಲ್ಲಿ ತುಂಬಿಕೊಂಡು ಪುನಃ ಮೇಲಕ್ಕೆ ಸ್ರವಿಸಲ್ಪಡುತ್ತವೆ. ಮಿಶ್ರಣ ಏಕಪಕ್ಷೀಯವಾಗಿದ್ದರೆ ಹೊಸದಾಗಿ ಕಟ್ಟಲ್ಪಡುವ ಹಾಳೆಗಳೂ ವಿರೂಪಗೊಳ್ಳುತ್ತವೆ.

## ಪೆಟ್ರೋಲಾಟಮ್‌ನೊಂದಿಗೆ ಹೋಲಿಕೆ

ಪೆಟ್ರೋಲಾಟಮ್ (ಪೆಟ್ರೋಲಿಯಂ ಜೆಲ್ಲಿ) ಬೇರೊಂದು ಬಗೆಯಲ್ಲಿ ಕೆಲಸ ಮಾಡುತ್ತದೆ. ಇದು ಜೀವಂತ ಕೋಶಗಳನ್ನು ಸೇರದೆ ಸ್ಟ್ರಾಟಮ್ ಕಾರ್ನಿಯಮ್‌ನ ಕೋಶಗಳ ನಡುವಿನ ಜಾಗವನ್ನು ತುಂಬಿ, ನೀರಿನ ನಷ್ಟವನ್ನು ತಕ್ಷಣ ತಗ್ಗಿಸುತ್ತದೆ. ಅದರ ಅಡಿಯಲ್ಲಿ ಸ್ವಾಭಾವಿಕ ದುರಸ್ತಿಯೂ ಮುಂದುವರಿಯುತ್ತದೆ. ಅಮೆರಿಕದಲ್ಲಿ ಸೌಮ್ಯ ಅಥವಾ ಮಧ್ಯಮ ಪ್ರಮಾಣದ ಅಟೋಪಿಕ್ ಡರ್ಮಟೈಟಿಸ್ ಇದ್ದ 39 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವೈದ್ಯರ ಚೀಟಿಯ ಮೇಲೆ ಮಾತ್ರ ದೊರೆಯುವ ಎರಡು ತಡೆಗೋಡೆ ಕ್ರೀಮ್‌ಗಳನ್ನು ಪೆಟ್ರೋಲಾಟಮ್ ಆಧಾರಿತ ಅಗ್ಗದ ಮುಲಾಮಿನೊಂದಿಗೆ ಹೋಲಿಸಲಾಯಿತು. ಅವುಗಳಲ್ಲಿ ಒಂದು ಸೆರಾಮೈಡ್ ಪ್ರಧಾನವಾಗಿತ್ತು. ಮೂರರ ಪರಿಣಾಮದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ಚಿಕ್ಕದಾದರೂ, ಬೆಲೆ ಹೆಚ್ಚಿದಂತೆ ಗುಣವೂ ಹೆಚ್ಚುತ್ತದೆಂಬ ಊಹೆಯನ್ನು ಇದು ಪ್ರಶ್ನಿಸುತ್ತದೆ.

## ಲೇಬಲ್ಲಿನ ಪರಿಶೀಲನೆ

ಭಾರತದ ಸೌಂದರ್ಯವರ್ಧಕಗಳ ನಿಯಮಗಳು, 2020ರ ಪ್ರಕಾರ ಶೇ. 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ನಮೂದಿಸಬೇಕು. ಅದಕ್ಕಿಂತ ಕಡಿಮೆ ಇರುವವನ್ನು ಅವುಗಳ ನಂತರ ಯಾವ ಕ್ರಮದಲ್ಲಾದರೂ ಬರೆಯಬಹುದು. ಸಂರಕ್ಷಕವಾದ ಫಿನಾಕ್ಸಿಎಥನಾಲ್ ಅನ್ನು ಸಾಮಾನ್ಯವಾಗಿ ಶೇ. 1ರವರೆಗೆ ಮಾತ್ರ ಬಳಸುವುದರಿಂದ, ಪಟ್ಟಿಯಲ್ಲಿ ಅದರ ನಂತರ ಬರುವ ಘಟಕಗಳೂ ಶೇ. 1ನ್ನು ಮೀರಿರುವುದಿಲ್ಲ.

ಉದಾಹರಣೆಗೆ, ಒಂದು ಕ್ರೀಮಿನ ಪಟ್ಟಿ ಹೀಗಿದೆ ಎಂದು ಭಾವಿಸಬಹುದು: ನೀರು, ಗ್ಲಿಸರಿನ್, ಸೀಟೈಲ್ ಆಲ್ಕೋಹಾಲ್, ಡೈಮೆಥಿಕೋನ್, ಫಿನಾಕ್ಸಿಎಥನಾಲ್, ಸೋಡಿಯಂ ಲಾರಾಯ್ಲ್ ಲ್ಯಾಕ್ಟಿಲೇಟ್, ಸೆರಾಮೈಡ್ ಎನ್‌ಪಿ, ಸೆರಾಮೈಡ್ ಎಪಿ, ಸೆರಾಮೈಡ್ ಇಒಪಿ, ಫೈಟೋಸ್ಫಿಂಗೋಸಿನ್, ಕೊಲೆಸ್ಟರಾಲ್, ಕಾರ್ಬೋಮರ್, ಕ್ಸಾಂಥನ್ ಗಮ್. ಇಲ್ಲಿ ಸೆರಾಮೈಡ್‌ಗಳು ಸಂರಕ್ಷಕದ ನಂತರ ಬಂದಿವೆ. ಲ್ಯಾಕ್ಟಿಲೇಟ್‌ನಿಂದ ಗಮ್‌ವರೆಗಿನ ಹೆಸರುಗಳು ಒಟ್ಟಾಗಿ ಕಾಣಿಸಿಕೊಂಡಾಗ, ತಯಾರಕರು ಸಿದ್ಧ ಮಿಶ್ರಣವೊಂದನ್ನು ಕೊಂಡು ಸೇರಿಸಿರುವ ಸಾಧ್ಯತೆ ಹೆಚ್ಚು. ಆ ಮಿಶ್ರಣದಲ್ಲಿ ಸೆರಾಮೈಡ್ ಶೇ. 1.5ರಷ್ಟಿದ್ದು, ಕ್ರೀಮಿಗೆ ಮಿಶ್ರಣವನ್ನು ಶೇ. 3ರಷ್ಟು ಸೇರಿಸಿದ್ದರೆ, ಅಂತಿಮವಾಗಿ ಉಳಿಯುವ ಸೆರಾಮೈಡ್ ಶೇ. 0.045 ಮಾತ್ರ, ಅಂದರೆ 100 ಗ್ರಾಂ ಕ್ರೀಮಿನಲ್ಲಿ 45 ಮಿಲಿಗ್ರಾಂ. ಪಟ್ಟಿಯಲ್ಲಿ ಸ್ವತಂತ್ರ ಕೊಬ್ಬಿನಾಮ್ಲವೂ ಇಲ್ಲ. ಸೀಟೈಲ್ ಆಲ್ಕೋಹಾಲ್ ಕೊಬ್ಬಿನಾಮ್ಲವಲ್ಲ. ಆದ್ದರಿಂದ 1990ರ ದಶಕದ ಪ್ರಯೋಗಗಳ ಫಲಿತಾಂಶವನ್ನು ಈ ಕ್ರೀಮಿಗೆ ಅನ್ವಯಿಸಲಾಗದು. ಆದರೂ ಇದು ನಿರುಪಯುಕ್ತವೆಂದಲ್ಲ. ಗ್ಲಿಸರಿನ್ ಮತ್ತು ಡೈಮೆಥಿಕೋನ್‌ಗಳಿಂದ ಇದು ಸಾಧಾರಣ ಮಾಯಿಶ್ಚರೈಸರ್ ಆಗಿ ಕೆಲಸ ಮಾಡಬಲ್ಲದು.

ಹಾನಿಕಾರಕ ಘಟಕಗಳನ್ನೂ ಗಮನಿಸಬೇಕು. ಬ್ರಿಟನ್ನಿನಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ ಆಕ್ವಿಯಸ್ ಕ್ರೀಮ್‌ನಲ್ಲಿನ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ಮಾರ್ಜಕವು ತಡೆಗೋಡೆಯನ್ನು ತೆಳುಗೊಳಿಸುತ್ತದೆಂದು ತಿಳಿದ ಬಳಿಕ, 2013ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯು ಆ ಕ್ರೀಮಿನಿಂದ ಚರ್ಮ ಕೆರಳಬಹುದೆಂದು ಎಚ್ಚರಿಕೆ ನೀಡಿತು.

## ಪರಿಣಾಮದ ಅಳತೆ

ತಡೆಗೋಡೆಯ ಸ್ಥಿತಿಯನ್ನು ತಿಳಿಯಲು ಚರ್ಮದ ಮೂಲಕ ಆವಿಯಾಗುವ ನೀರನ್ನು ಅಳೆಯುತ್ತಾರೆ. ಇದರ ಏಕಮಾನ ಗಂಟೆಗೆ ಪ್ರತಿ ಚದರ ಮೀಟರಿಗೆ ಇಷ್ಟು ಗ್ರಾಂ ಎಂಬುದು. ಆರೋಗ್ಯವಂತ ವಯಸ್ಕರ ಮುಂಗೈಯಲ್ಲಿ ಇದು ಸಾಮಾನ್ಯವಾಗಿ 5ರಿಂದ 10ರಷ್ಟಿರುತ್ತದೆ. ತೇವಾಂಶದ ಅಳತೆ ಇದಕ್ಕಿಂತ ಭಿನ್ನವಾದುದು. ಗ್ಲಿಸರಿನ್ ನೀರನ್ನು ಹಿಡಿದಿಡುವುದರಿಂದ ತೇವಾಂಶವನ್ನು ಬೇಗ ಏರಿಸುತ್ತದೆ. ಹೀಗಾಗಿ ‘ತೇವಾಂಶ ಹೆಚ್ಚಿಸುತ್ತದೆ’ ಎಂಬ ಜಾಹೀರಾತು ಒಂದರಿಂದಲೇ ತಡೆಗೋಡೆ ಸುಧಾರಿಸಿದೆ ಎಂದು ತೀರ್ಮಾನಿಸಲಾಗದು.

ಕ್ರೀಮ್ ಹಚ್ಚಿದ ಕೂಡಲೇ ಅಳೆದರೆ ಮೇಲ್ಮೈಯ ಲೇಪವೇ ಆವಿಯನ್ನು ತಡೆಯುವುದರಿಂದ ಫಲಿತಾಂಶ ದಾರಿತಪ್ಪಿಸುತ್ತದೆ. ವಿಶ್ವಾಸಾರ್ಹ ಪ್ರಯೋಗದಲ್ಲಿ ಕೆಲವು ವಾರಗಳ ಬಳಕೆಯ ನಂತರ ಲೇಪನ ನಿಲ್ಲಿಸಿ, ಲೇಪದ ಪ್ರಭಾವ ಕಳೆದ ಮೇಲೆ ಅಳೆಯುತ್ತಾರೆ. ಮಾರ್ಜಕದಿಂದ ಚರ್ಮವನ್ನು ಕೆರಳಿಸಿ ಅದರ ಸಹನೆಯನ್ನೂ ಪರೀಕ್ಷಿಸಬಹುದು. ಲಿಪಿಡ್‌ಗಳಿಲ್ಲದ ಅದೇ ಕ್ರೀಮಿನೊಂದಿಗೆ ಹೋಲಿಸಿದಾಗ ಮಾತ್ರ ಲಾಭವು ಲಿಪಿಡ್‌ಗಳದ್ದೋ ಉಳಿದ ಘಟಕಗಳದ್ದೋ ಎಂದು ತಿಳಿಯುತ್ತದೆ. ಮನೆಯಲ್ಲಿ ಇಂತಹ ಅಳತೆ ಸಾಧ್ಯವಿಲ್ಲ. ಆದರೆ ಕ್ರೀಮ್ ನಿಲ್ಲಿಸಿದ ಒಂದೆರಡು ದಿನಗಳಲ್ಲಿ ಬಿಗಿತ, ಹೊಟ್ಟು ಮತ್ತು ಉರಿ ಮೊದಲಿನಷ್ಟೇ ಮರಳಿದರೆ, ಪರಿಣಾಮವು ಬಹುಮಟ್ಟಿಗೆ ಲೇಪಕ್ಕೆ ಸೀಮಿತವಾಗಿತ್ತೆಂದು ಊಹಿಸಬಹುದು.

## ಮಿತಿಗಳು

ಮಾಯಿಶ್ಚರೈಸರ್‌ಗಳು ಇಸುಬಿನ ಒಣತನವನ್ನು ತಗ್ಗಿಸಿದರೂ ರೋಗವನ್ನು ತಡೆಯುತ್ತವೆಂದು ಸಾಬೀತಾಗಿಲ್ಲ. ಬ್ರಿಟನ್ನಿನಲ್ಲಿ 1,394 ಶಿಶುಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಟ್ಟಿದ ಮೊದಲ ವರ್ಷ ದಿನವೂ ಮಾಯಿಶ್ಚರೈಸರ್ ಹಚ್ಚಿದರೂ ಎರಡನೆಯ ವಯಸ್ಸಿನಲ್ಲಿ ಇಸುಬಿನ ಪ್ರಮಾಣ ತಗ್ಗಿರಲಿಲ್ಲ. ಕೆಂಪಾಗಿ ಉರಿಯೂತವಿರುವ ಇಸುಬಿಗೆ ಉರಿಯೂತ ಶಮನಕಾರಿ ಔಷಧ ಅಗತ್ಯವಿದ್ದು, ತಡೆಗೋಡೆ ಕ್ರೀಮ್ ಅದಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.