ಬಾಯಿಪಾಠ ಮಾಡಿದ ಯಂತ್ರ

ಫೋಟೊ ನೋಡಿ ಬೆಕ್ಕೋ ನಾಯಿಯೋ ಹೇಳಬೇಕು, ಅಷ್ಟೇ ಕೆಲಸ. ಕೆರಾಸ್ ತಂತ್ರಾಂಶ ರೂಪಿಸಿದ ಫ್ರಾನ್ಸ್ವಾ ಶೋಲೆ 2017ರ ತಮ್ಮ ಪುಸ್ತಕದಲ್ಲಿ ಇಂಥದೊಂದು ಪುಟ್ಟ ಮಾದರಿಗೆ 2,000 ಚಿತ್ರ ಕೊಟ್ಟು ಕಲಿಸಿದರು. ಬೇರೆ 1,000 ಚಿತ್ರಗಳನ್ನು ಕಲಿಕೆಗೆ ಬಳಸದೆ ತಪಾಸಣೆಗೆ ಎತ್ತಿಟ್ಟರು. ಇನ್ನೂ 1,000 ಕೊನೆಯ ಪರೀಕ್ಷೆಗೆ.

ಎಲ್ಲ ಚಿತ್ರಗಳನ್ನೂ ಒಮ್ಮೆ ನೋಡಿ ಮುಗಿಸಿದರೆ ಒಂದು ಸುತ್ತು. ಪ್ರತಿ ಸುತ್ತಿನ ಕೊನೆಗೆ ಎರಡೂ ಗುಂಪುಗಳ ಅಂಕವನ್ನು ಗ್ರಾಫ್‌ನಲ್ಲಿ ಗುರುತಿಸಿದಾಗ ರೋಗ ಕಣ್ಣಿಗೆ ಬಿತ್ತು. ಕಲಿತ ಚಿತ್ರಗಳ ಗೆರೆ ಏರುತ್ತಾ ಶೇ 100ರ ಹತ್ತಿರ ಹೋಯಿತು. ಎತ್ತಿಟ್ಟ ಚಿತ್ರಗಳದ್ದು ಶೇ 70–72ರಲ್ಲೇ ನಿಂತಿತು. ತಪಾಸಣೆಯ ತಪ್ಪಿನ ಪ್ರಮಾಣವಂತೂ ಐದನೇ ಸುತ್ತಿನ ಹೊತ್ತಿಗೇ ಇಳಿಯುವುದನ್ನು ನಿಲ್ಲಿಸಿತ್ತು. ಅಲ್ಲಿಂದಾಚೆ ಯಂತ್ರ ಕಲಿಯುತ್ತಿರಲಿಲ್ಲ, ಬಾಯಿಪಾಠ ಮಾಡುತ್ತಿತ್ತು. ಇದೇ ಓವರ್‌ಫಿಟಿಂಗ್.

ಎರಡೂ ಗೆರೆ ಕೆಳಗೇ ಉಳಿದಿದ್ದರೆ ಕಥೆ ಬೇರೆ: ಆಗ ಮಾದರಿಗೆ ಕಲಿಕೆಯೇ ಸಾಲದು.

ಶೋಲೆ ಎರಡು ಮದ್ದು ಕೊಟ್ಟರು. ಕಲಿಕೆಯ ಚಿತ್ರಗಳನ್ನು ಪ್ರತಿ ಬಾರಿಯೂ ತುಸು ತಿರುಗಿಸಿ, ಸರಿಸಿ, ಎಡಬಲ ಮಾಡಿ ತೋರಿಸಿದರು. ಒಂದೇ ಚಿತ್ರ ಮತ್ತೆ ಹಾಗೇ ಎದುರಾಗದಿದ್ದರೆ ಬಾಯಿಪಾಠ ಕಷ್ಟ. ಎರಡನೆಯದು ಡ್ರಾಪ್‌ಔಟ್: ಒಂದು ಪದರದಿಂದ ಹೊರಡುವ ಸಂಕೇತಗಳಲ್ಲಿ ಅರ್ಧದಷ್ಟನ್ನು ಕಲಿಕೆಯ ಪ್ರತಿ ಹಂತದಲ್ಲೂ ಮನಬಂದಂತೆ ಆರಿಸಿ ಸೊನ್ನೆ ಮಾಡುವುದು. ತಪಾಸಣೆಯ ಅಂಕ ಸುಮಾರು ಶೇ 82ಕ್ಕೇರಿತು, ಗೆರೆಗಳು ಹತ್ತಿರ ಬಂದವು.

ಆದರೆ ಗ್ರಾಫ್ ಮೋಸ ಮಾಡುವುದೂ ಉಂಟು. ಒಂದೇ ನಾಯಿಯ ಸಾಲುಸಾಲು ಫೋಟೊಗಳು ಎರಡೂ ಗುಂಪಿಗೆ ಹಂಚಿಹೋದರೆ ಬಾಯಿಪಾಠವೂ ತಪಾಸಣೆಯಲ್ಲಿ ಪಾಸಾಗುತ್ತದೆ. ಹಾಗಾಗಿ ಫೋಟೊಗಳನ್ನು ಬಿಡಿಬಿಡಿಯಾಗಿ ಹಂಚದೆ, ಒಂದು ನಾಯಿಯವನ್ನೆಲ್ಲ ಒಂದೇ ಗುಂಪಿಗೆ ಹಾಕುತ್ತಾರೆ.